ಕುಪ್ಯದ ಕಪ್ಪಿಗೆ ಕಪ್ಪು ಕೂಡಬೇಕು: ಅಗಲಿದ ಅಜ್ಜನನ್ನು ಕುಟುಂಬದ ಫೋಟೋಗೆ ಸೇರಿಸುವ ಬಗೆ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ ತೆಗೆದ ಫೋಟೋ ಇದೆ. ಅಜ್ಜ ತೀರಿಕೊಂಡು ವರ್ಷಗಳಾಗಿವೆ, ಆದರೆ ಅವರು ಕೊಡವ ಗಂಡಸರ ಉದ್ದನೆಯ ಕಪ್ಪು ನಿಲುವಂಗಿಯಾದ ಕುಪ್ಯ ತೊಟ್ಟು ನಿಂತ ಹಳೆಯ ಕಲರ್ ಪ್ರಿಂಟ್ ಒಂದು ಆಲ್ಬಮ್‌ನಲ್ಲಿದೆ. ಇವೆರಡನ್ನೂ ಒಂದಾಗಿಸಿ ಎಂದು ಸ್ಟುಡಿಯೋಗೆ ಕೊಟ್ಟರೆ ಹೆಚ್ಚಾಗಿ ಬರುವುದು ಅಂಟಿಸಿದಂತೆ ಕಾಣುವ ಚಿತ್ರ. ಮುಖವನ್ನು ಚೆನ್ನಾಗಿ ಕತ್ತರಿಸಿರುತ್ತಾರೆ, ಕೂದಲಿನ ಅಂಚೂ ನಯವಾಗಿರುತ್ತದೆ, ಆದರೂ ನೋಡಿದ ಕೂಡಲೇ ಏನೋ ಸರಿಯಿಲ್ಲ ಅನ್ನಿಸುತ್ತದೆ. ಕೊಡಗಿನ ಫೋಟೋಗಳಲ್ಲಿ ಇದಕ್ಕೆ ಮುಖ್ಯ ಕಾರಣ ಬಟ್ಟೆ. ಸಾಲಾಗಿ ಐದಾರು ಮಂದಿ ಕಪ್ಪು ಕುಪ್ಯ ತೊಟ್ಟು ನಿಂತಿರುವಾಗ ಒಬ್ಬರ ಕಪ್ಪು ಮಾತ್ರ ಕಂದು ಹೊಡೆಯುತ್ತಿದ್ದರೆ, ಕಣ್ಣು ಮುಖಕ್ಕಿಂತ ಮೊದಲು ಅಲ್ಲಿಗೇ ಹೋಗುತ್ತದೆ. ಇದರಲ್ಲಿ ಒಂದು ಅನುಕೂಲವೂ ಇದೆ. ಪಕ್ಕದವರ ಕುಪ್ಯ, ಒಳಗಿನ ಬಿಳಿ ಶರ್ಟು, ಸೊಂಟಕ್ಕೆ ಸುತ್ತುವ ಕೆಂಪು ಚೇಲೆ ಮೂರೂ ಅಜ್ಜನ ಮೈಮೇಲೂ ಇರುವುದರಿಂದ, ಬಣ್ಣ ಹೊಂದಿಸಲು ಬೇಕಾದ ಅಳತೆಗೋಲು ಫೋಟೋದೊಳಗೇ ಸಿಗುತ್ತದೆ.

ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ಕೊನೆಯವರೆಗೂ ಹೋಗೋಣ. ಹೊಸ ಫೋಟೋ 6000 x 4000 ಪಿಕ್ಸೆಲ್‌ನದು, ಬೆಳಗಿನ ಹೊತ್ತು ಜಗಲಿಯ ನೆರಳಿನಲ್ಲಿ ತೆಗೆದದ್ದು. ಅಜ್ಜಿ ಮುಂದೆ ಕುರ್ಚಿಯಲ್ಲಿ ಕೂತಿದ್ದಾರೆ, ಹಿಂದಿನ ಸಾಲಿನಲ್ಲಿ ಮಗ, ಅಳಿಯ, ಮೊಮ್ಮಕ್ಕಳು ನಿಂತಿದ್ದಾರೆ. ಅಜ್ಜನ ಫೋಟೋ 5 x 7 ಇಂಚಿನ ಪ್ರಿಂಟ್, 1980ರ ದಶಕದ ಮದುವೆಯೊಂದರಲ್ಲಿ ಫ್ಲ್ಯಾಶ್ ಹಾಕಿ ತೆಗೆದದ್ದು, ತಲೆಯಿಂದ ಪಾದದವರೆಗೂ ಇದೆ. ಕೆಲಸ ಫೋಟೋಶಾಪ್‌ನಲ್ಲಿ. ಬೇರೆ ತಂತ್ರಾಂಶದಲ್ಲೂ ಇವೇ ಹೆಜ್ಜೆಗಳು, ಮೆನುಗಳ ಹೆಸರು ಮಾತ್ರ ಬೇರೆ.

ಯಾವ ಹಳೆಯ ಫೋಟೋ

ಮನೆಯವರು ಸಾಮಾನ್ಯವಾಗಿ ಅಜ್ಜನ ಮುಖ ಚೆನ್ನಾಗಿ ಬಂದಿರುವ ಫೋಟೋ ಆರಿಸುತ್ತಾರೆ. ನೀವು ಬೆಳಕು ನೋಡಿ ಆರಿಸಿ. ಮಾಸಿದ ಬಣ್ಣವನ್ನು ಸರಿಮಾಡಬಹುದು, ಕಲೆಯನ್ನು ಅಳಿಸಬಹುದು, ಆದರೆ ಕೆನ್ನೆಯ ಮೇಲೆ ಚೂಪಾಗಿ ಬಿದ್ದ ಮೂಗಿನ ನೆರಳನ್ನು ಇನ್ನೊಂದು ಕೆನ್ನೆಗೆ ಸಾಗಿಸಲು ಹೋದರೆ ಮುಖದ ಗುರುತೇ ಬದಲಾಗಿಬಿಡುತ್ತದೆ.

ಮೊದಲು ಹೊಸ ಫೋಟೋದ ಬೆಳಕನ್ನು ಓದಿ. ಮೂಗಿನ ಪಕ್ಕ, ಗಲ್ಲದ ಕೆಳಗೆ, ಕಣ್ಣಿನೊಳಗಿನ ಹೊಳೆಯುವ ಚುಕ್ಕೆಯಲ್ಲಿ ಅದು ತಿಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಬೆಳಕು ಅಂಗಳದ ಕಡೆಯಿಂದ, ಅಂದರೆ ಮುಂದಿನಿಂದ ಬರುತ್ತಿದೆ. ಜಗಲಿಯ ಮಾಡು ಮೇಲಿನ ಆಕಾಶವನ್ನು ಮರೆಮಾಡಿರುವುದರಿಂದ ಯಾರ ಕಣ್ಣಿನ ಗುಳಿಯೂ ಕಪ್ಪಾಗಿಲ್ಲ. ನೋಡುವವರ ಬಲಗಡೆಯ ಕೆನ್ನೆ ಸ್ವಲ್ಪ ಹೊಳಪು, ಎಡಗಡೆ ಸ್ವಲ್ಪ ಮಂಕು. ಅಜ್ಜನದು ಕ್ಯಾಮರಾದ ಮೇಲಿನ ಫ್ಲ್ಯಾಶ್, ಮುಖ ಎರಡೂ ಕಡೆ ಒಂದೇ ಸಮ ಬೆಳ್ಳಗಿದೆ. ಇದು ಕೆಟ್ಟ ಫೋಟೋದಂತೆ ಕಂಡರೂ ಈ ಕೆಲಸಕ್ಕೆ ಒಳ್ಳೆಯದೇ. ಚಪ್ಪಟೆ ಬೆಳಕಿನ ಮುಖಕ್ಕೆ ನೆರಳು ಕೊಡಬಹುದು, ಎಡದಿಂದ ಬಿಸಿಲು ಬಿದ್ದ ಮುಖದಿಂದ ಬಿಸಿಲನ್ನು ತೆಗೆಯಲಾಗದು.

ಬೆಳಕು ಹೊಂದುತ್ತಿಲ್ಲವೆಂದು ಫೋಟೋವನ್ನು ಎಡಬಲ ತಿರುಗಿಸಬೇಡಿ. ಕುಪ್ಯದ ಮಡಿಕೆ ಒಂದರ ಮೇಲೊಂದು ಬರುವ ಬದಿ, ಪೀಚೆಕತ್ತಿ ಸಿಕ್ಕಿಸಿದ ಬದಿ, ಬೈತಲೆ, ಮಚ್ಚೆ ಎಲ್ಲವೂ ಅದಲುಬದಲಾಗುತ್ತವೆ. ಹೊರಗಿನವರಿಗೆ ಇದು ತಿಳಿಯದಿದ್ದರೂ ಅಜ್ಜಿಗೆ ತಿಳಿಯುತ್ತದೆ.

ಇನ್ನೊಂದು ಪರೀಕ್ಷೆ ಮೂಗಿನ ಹೊಳ್ಳೆ. ಹಳೆಯ ಫೋಟೋದಲ್ಲಿ ಹೊಳ್ಳೆಗಳು ಎದ್ದು ಕಾಣುತ್ತಿದ್ದು ಹೊಸದರಲ್ಲಿ ಯಾರದೂ ಕಾಣದಿದ್ದರೆ, ಹಳೆಯ ಕ್ಯಾಮರಾ ಸೊಂಟದ ಎತ್ತರದಲ್ಲಿತ್ತು ಎಂದರ್ಥ. ಆ ವ್ಯತ್ಯಾಸವನ್ನು ಯಾವ ಮೆನುವೂ ಸರಿಮಾಡುವುದಿಲ್ಲ. ಬೇರೆ ಫೋಟೋ ಹುಡುಕಿ.

ಸಿಕ್ಕಿದ್ದು ಬರೀ ಕಪ್ಪು ಬಿಳುಪು ಫೋಟೋ ಎಂದಾದರೆ, ಅಜ್ಜನಿಗೆ ಬಣ್ಣ ಹಚ್ಚುವ ಬದಲು ಇಡೀ ಕುಟುಂಬದ ಚಿತ್ರವನ್ನೇ ಕಪ್ಪು ಬಿಳುಪು ಮಾಡುವುದು ಉತ್ತಮ. ಹಚ್ಚಿದ ಚರ್ಮದ ಬಣ್ಣ ನಿಜವಾದ ಚರ್ಮದ ಪಕ್ಕ ನಿಂತಾಗ ಮೇಣದಂತೆ ಕಾಣುತ್ತದೆ.

ಸ್ಕ್ಯಾನ್

ಮಳೆಗಾಲದ ತೇವಕ್ಕೆ ಕೊಡಗಿನ ಮನೆಗಳಲ್ಲಿ ಪ್ರಿಂಟ್‌ಗಳು ಫ್ರೇಮಿನ ಗಾಜಿಗೆ ಅಂಟಿಕೊಳ್ಳುವುದು ಸಾಮಾನ್ಯ. ಅಂಟಿದ್ದನ್ನು ಎಳೆಯಬೇಡಿ. ಚಿತ್ರವಿರುವ ಪದರವೇ ಗಾಜಿನ ಜೊತೆ ಕಿತ್ತು ಬರುತ್ತದೆ. ಗಾಜು ಸಮೇತ ಸ್ಕ್ಯಾನರ್ ಮೇಲಿಡಿ. ಸ್ಕ್ಯಾನ್ ಮಸುಕಾಗಿ ಬಂದರೆ ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ದೀಪ ಇಟ್ಟು, ಗಾಜಿನಲ್ಲಿ ಕ್ಯಾಮರಾದ ಪ್ರತಿಬಿಂಬ ಬೀಳದಂತೆ ಎದುರಿಗೆ ಕಪ್ಪು ಬಟ್ಟೆ ಹಿಡಿದು ಫೋಟೋ ತೆಗೆಯಿರಿ.

ಬಿಡಿ ಪ್ರಿಂಟ್ ಆದರೆ 600 ಡಿಪಿಐ, 48 ಬಿಟ್ ಕಲರ್, TIFF ಫೈಲ್. ಸ್ಕ್ಯಾನರ್‌ನ ತಾನಾಗಿ ಬಣ್ಣ ತಿದ್ದುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಅದು ತಿದ್ದುವುದಕ್ಕಿಂತ ಹೆಚ್ಚಾಗಿ ಗಾಢ ಭಾಗದ ವಿವರಗಳನ್ನು ನುಂಗುತ್ತದೆ, ನಮಗೆ ಬೇಕಾಗಿರುವುದೇ ಕುಪ್ಯದ ಮಡಿಕೆಗಳಲ್ಲಿ ಅಡಗಿರುವ ಆ ವಿವರ.

ಆ ಕಾಲದ ಎಷ್ಟೋ ಪ್ರಿಂಟ್‌ಗಳ ಕಾಗದ ಜೇನುಗೂಡಿನಂಥ ತರಿತರಿ ಮೈಯದು. ಸ್ಕ್ಯಾನರ್‌ನ ದೀಪ ಒಂದೇ ಕಡೆಯಿಂದ ಬೀಳುವುದರಿಂದ ಪ್ರತಿ ತರಿಯೂ ಪುಟ್ಟ ನೆರಳು ಚೆಲ್ಲಿ, ಮುಖದ ತುಂಬ ಬಲೆ ಹಾಸಿದಂತೆ ಬರುತ್ತದೆ. ಮಸುಕು ಮಾಡಿ ಅದನ್ನು ಅಳಿಸಲು ಹೋಗಬೇಡಿ. ಪ್ರಿಂಟನ್ನು 180 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಆ ಚಿತ್ರವನ್ನು ತಂತ್ರಾಂಶದಲ್ಲಿ ನೇರ ತಿರುಗಿಸಿ, ಮೊದಲನೆಯದರ ಮೇಲಿಟ್ಟು, ಎರಡೂ ಪದರಗಳನ್ನು ಆಯ್ದುಕೊಂಡು Edit > Auto-Align Layers ಕೊಡಿ. ಮೇಲಿನ ಪದರದ Opacity 50%. ಈಗ ನೆರಳುಗಳು ಎದುರುಬದುರಾಗಿ ಬಿದ್ದು ಬಹುಪಾಲು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಮುಖದ ಗೆರೆಗಳು ಹಾಗೇ ಉಳಿಯುತ್ತವೆ.

ಎತ್ತರ, ಜಾಗ

ಅಜ್ಜನನ್ನು ಕಣ್ಣಂದಾಜಿನಲ್ಲಿ ಚಿಕ್ಕದು ದೊಡ್ಡದು ಮಾಡಿದರೆ ಹತ್ತರಲ್ಲಿ ಒಂಬತ್ತು ಸಲ ತಲೆ ದಪ್ಪವಾಗುತ್ತದೆ, ಏಕೆಂದರೆ ನೋಡುವವರ ಮನಸ್ಸಿನಲ್ಲಿ ಮುಖವೇ ಮುಖ್ಯ. ಲೆಕ್ಕ ಮಾಡಿ.

ಹಿಂದಿನ ಸಾಲಿನಲ್ಲಿ ನೇರವಾಗಿ ನಿಂತಿರುವ, ಎತ್ತರ ಗೊತ್ತಿರುವ ಒಬ್ಬರನ್ನು ಹಿಡಿಯಿರಿ. ಮಗ 5 ಅಡಿ 9 ಇಂಚು, ಅಂದರೆ 69 ಇಂಚು. ಚಿತ್ರದಲ್ಲಿ ಹಿಮ್ಮಡಿಯಿಂದ ನೆತ್ತಿಗೆ 2070 ಪಿಕ್ಸೆಲ್ ಇದ್ದಾರೆ. ಹಾಗಾದರೆ ಆ ಸಾಲಿನಲ್ಲಿ ಒಂದು ಇಂಚಿಗೆ 30 ಪಿಕ್ಸೆಲ್. ಅಜ್ಜನ ಎತ್ತರ 66 ಇಂಚು ಆಗಿದ್ದರೆ ಅವರು 1980 ಪಿಕ್ಸೆಲ್ ಇರಬೇಕು.

ಅಜ್ಜನ ಎತ್ತರ ಯಾರಿಗೂ ನೆನಪಿಲ್ಲದಿದ್ದರೆ ಐನ್‌ಮನೆಯ ಬಾಗಿಲು ನೆನಪಿಟ್ಟಿರುತ್ತದೆ. ಆ ಬಾಗಿಲಿನಲ್ಲಿ ಅಜ್ಜ ನಿಂತಿರುವ ಒಂದು ಹಳೆಯ ಫೋಟೋ ಹುಡುಕಿ, ಬಾಗಿಲನ್ನು ಈಗ ಟೇಪಿನಲ್ಲಿ ಅಳೆಯಿರಿ. ಚೌಕಟ್ಟಿನ ಎತ್ತರ 72 ಇಂಚು, ಫೋಟೋದಲ್ಲಿ ಅದು 1440 ಪಿಕ್ಸೆಲ್, ಅಜ್ಜ 1320 ಪಿಕ್ಸೆಲ್ ಎಂದಿದ್ದರೆ ಅವರ ಎತ್ತರ 66 ಇಂಚು. ಹೊಸ್ತಿಲಿನ ಮೇಲೆಯೇ ನಿಂತಿದ್ದರೆ ಮಾತ್ರ ಈ ಲೆಕ್ಕ ಸರಿ. ಎರಡು ಹೆಜ್ಜೆ ಮುಂದಿದ್ದರೆ ಎತ್ತರ ಹೆಚ್ಚಾಗಿ ಬರುತ್ತದೆ.

ಪ್ರಿಂಟ್‌ನಲ್ಲಿ ಅಜ್ಜ 4 ಇಂಚು ಉದ್ದ ಇದ್ದಾರೆ, 600 ಡಿಪಿಐನಲ್ಲಿ ಅದು 2400 ಪಿಕ್ಸೆಲ್. ಪದರವನ್ನು Convert to Smart Object ಮಾಡಿಕೊಂಡು 82.5%ಗೆ ಇಳಿಸಿದರೆ 1980 ಬರುತ್ತದೆ. ಹೀಗೆ ಇಳಿಸುವ ಸ್ಥಿತಿಯಲ್ಲಿರುವುದೇ ಕ್ಷೇಮ. ದೊಡ್ಡ ಗುಂಪಿನ ಫೋಟೋದಿಂದ ತೆಗೆದ ಕಾಲಿಂಚಿನ ತಲೆಯಾದರೆ ಸ್ಕ್ಯಾನ್‌ನಲ್ಲಿ ಸಿಗುವುದು 150 ಪಿಕ್ಸೆಲ್ ಮಾತ್ರ, ನಮಗೆ ಬೇಕಾದದ್ದು ಸುಮಾರು 270. ಅಷ್ಟು ಹಿಗ್ಗಿಸಿದ ಮುಖ ಪಕ್ಕದ ಚೊಕ್ಕ ಮುಖಗಳ ನಡುವೆ ನಿಲ್ಲುವುದಿಲ್ಲ.

ಸೊಂಟದವರೆಗಿನ ಫೋಟೋ ಆದರೆ ತಲೆಯ ಅಳತೆ ಬಳಸಿ. ದೊಡ್ಡವರ ತಲೆ ನೆತ್ತಿಯಿಂದ ಗಲ್ಲಕ್ಕೆ ಹೆಚ್ಚುಕಡಿಮೆ 9 ಇಂಚು. ಪೇಟ ಇದ್ದರೆ ನೆತ್ತಿ ಕಾಣುವುದಿಲ್ಲ. ಆಗ ಕಣ್ಣಿನಿಂದ ಗಲ್ಲಕ್ಕೆ ಅಳೆಯಿರಿ, ಅದು ತಲೆಯ ಅರ್ಧ, ಇಲ್ಲಿ ಸುಮಾರು 135 ಪಿಕ್ಸೆಲ್.

ಜಾಗದ ವಿಷಯದಲ್ಲಿ ನಮ್ಮ ಸಲಹೆ ಅಜ್ಜಿಯ ಕುರ್ಚಿಯ ಹಿಂದೆ, ಮಗನ ಸಾಲಿನಲ್ಲೇ. ಅಲ್ಲಿ ಅಜ್ಜನ ಪಾದ, ನೆಲದ ಮೇಲಿನ ನೆರಳು ಎರಡೂ ಮರೆಯಾಗುತ್ತವೆ. ನೆಲಕ್ಕೆ ಪಾದ ಕೂರಿಸುವುದು ಈ ಕೆಲಸದಲ್ಲೇ ಅತಿ ಕಷ್ಟದ ಭಾಗ, ತಪ್ಪಿಸಿಕೊಳ್ಳಲು ಸಾಧ್ಯವಿದ್ದರೆ ತಪ್ಪಿಸಿಕೊಳ್ಳಬೇಕು. ಸಾಲಿನಿಂದ ಹಿಂದೆ ನಿಲ್ಲಿಸುವುದಾದರೆ ಅಳತೆಯೂ ಬದಲಾಗುತ್ತದೆ. ಕ್ಯಾಮರಾ ಸಾಲಿನಿಂದ 15 ಅಡಿ ದೂರವಿದ್ದು ಅಜ್ಜ ಇನ್ನೂ 2 ಅಡಿ ಹಿಂದೆ ಎಂದಾದರೆ 1980ರ ಹದಿನೇಳರಲ್ಲಿ ಹದಿನೈದು ಪಾಲು, ಸುಮಾರು 1747 ಪಿಕ್ಸೆಲ್.

ಕುಟುಂಬದ ಫೋಟೋ ಇನ್ನೂ ತೆಗೆದಿಲ್ಲ ಎಂದಾದರೆ ನೀವು ಅದೃಷ್ಟವಂತರು. ಕುರ್ಚಿಯ ಹಿಂದೆ ಒಬ್ಬರ ಜಾಗ ಬಿಟ್ಟು ಫೋಟೋ ತೆಗೆಯಿರಿ. ನಂತರ ಯಾರೂ ಅಲುಗದಂತೆ ಹೇಳಿ, ಟ್ರೈಪಾಡ್ ಸರಿಸದೆ, ಅಜ್ಜನ ಎತ್ತರದ ಒಬ್ಬರನ್ನು ಕುಪ್ಯ ತೊಡಿಸಿ ಆ ಜಾಗದಲ್ಲಿ ನಿಲ್ಲಿಸಿ ಇನ್ನೊಂದು ಫೋಟೋ ತೆಗೆಯಿರಿ. ಆ ಎರಡನೆಯ ಚಿತ್ರದಲ್ಲಿ ಅಳತೆ, ನೆರಳು, ಕಪ್ಪಿನ ಹೊಳಪು ಎಲ್ಲದಕ್ಕೂ ಉತ್ತರ ಸಿದ್ಧವಾಗಿರುತ್ತದೆ.

ಕಪ್ಪು, ಬಿಳಿ, ಕೆಂಪು

ಅಜ್ಜನ ಸುತ್ತ Layer Mask ಹಾಕಿ ಹಿನ್ನೆಲೆ ಮರೆಮಾಡಿ. ಕುರ್ಚಿಯ ಬೆನ್ನು, ಅಜ್ಜಿಯ ತಲೆ ಹಾಗೂ ಪಕ್ಕದವರ ಹೆಗಲು ಅಜ್ಜನ ಮುಂದೆ ಬರುವಂತೆ ಮಾಸ್ಕ್ ತಿದ್ದಿ. ಕುರ್ಚಿಯ ಹಿಂದೆ ನಿಂತವರು ಪಕ್ಕದವರಿಂದ ಸ್ವಲ್ಪವೂ ಮರೆಯಾಗದಿದ್ದರೆ ಕಾಗದದ ಬೊಂಬೆಯಂತೆ ಕಾಣುತ್ತಾರೆ. ಈಗ ಬಣ್ಣ.

1980ರ ದಶಕದ ನಡುಭಾಗಕ್ಕೂ ಹಿಂದಿನ ಎಷ್ಟೋ ಕಲರ್ ಕಾಗದಗಳಲ್ಲಿ ಸಯಾನ್ ಬಣ್ಣ ಕತ್ತಲಲ್ಲಿಟ್ಟರೂ ಬೇಗ ಮಾಸುತ್ತಿತ್ತು. ಸಯಾನ್ ಹೋದರೆ ಉಳಿಯುವುದು ಕೆಂಪು. ಅದಕ್ಕೇ ಆಲ್ಬಮ್‌ನೊಳಗೆ ಭದ್ರವಾಗಿದ್ದ ಫೋಟೋದಲ್ಲೂ ಕಪ್ಪು ಕುಪ್ಯ ಕಂದಾಗಿರುತ್ತದೆ. ಚಿತ್ರಕ್ಕೆಲ್ಲ ಒಟ್ಟಿಗೆ ಕೆಂಪು ಕಡಿಮೆ ಮಾಡಿದರೆ ಶರ್ಟಿನ ಬಿಳಿ ಹಸಿರು ತಿರುಗುತ್ತದೆ, ಏಕೆಂದರೆ ಮಾಸಿರುವುದು ಗಾಢ ಭಾಗದಲ್ಲಿ ಹೆಚ್ಚು, ತಿಳಿ ಭಾಗದಲ್ಲಿ ಕಡಿಮೆ. ಕಪ್ಪಿಗೊಂದು ಬಿಂದು, ಬಿಳಿಗೊಂದು ಬಿಂದು ಬೇರೆ ಬೇರೆ ಇಡಬೇಕು.

Eyedropper ತೆಗೆದುಕೊಂಡು Sample Size ಅನ್ನು 11 by 11 Average ಮಾಡಿ, ಇಲ್ಲದಿದ್ದರೆ ಚಿತ್ರದ ಸಣ್ಣ ಚುಕ್ಕೆಗಳಲ್ಲಿ, ಅಂದರೆ ಕಾಳುಗಳಲ್ಲಿ, ಒಂದರ ಬಣ್ಣ ಮಾತ್ರ ಓದುತ್ತದೆ. Info ಫಲಕ ತೆರೆದಿಡಿ. ಮಗನ ಕುಪ್ಯದಲ್ಲಿ ಅತಿ ಗಾಢವಾದ ಮಡಿಕೆ ಓದಿ, ನಂತರ ಅಜ್ಜನ ಕುಪ್ಯದ ಅಂಥದೇ ಮಡಿಕೆ. ಆಮೇಲೆ ಇಬ್ಬರ ಶರ್ಟಿನ ಕಾಲರ್. ನಮ್ಮ ಉದಾಹರಣೆಯಲ್ಲಿ ಅಂಕಿಗಳು ಹೀಗಿವೆ:

```
            R    G    B
ಮಗ, ಕಪ್ಪು     20   20   23
ಅಜ್ಜ, ಕಪ್ಪು    70   48   52
ಮಗ, ಬಿಳಿ     214  218  224
ಅಜ್ಜ, ಬಿಳಿ    236  220  196
```

ಅಜ್ಜನ ಪದರಕ್ಕೆ ಮಾತ್ರ ತಗಲುವಂತೆ ಒಂದು Curves ಪದರ ಸೇರಿಸಿ. Red ಚಾನೆಲ್‌ನಲ್ಲಿ Input 70ಕ್ಕೆ Output 20, Input 236ಕ್ಕೆ Output 214. Green ಚಾನೆಲ್‌ನಲ್ಲಿ 48ಕ್ಕೆ 20, 220ಕ್ಕೆ 218. Blue ಚಾನೆಲ್‌ನಲ್ಲಿ 52ಕ್ಕೆ 23, 196ಕ್ಕೆ 224. ಆರೇ ಬಿಂದುಗಳಲ್ಲಿ ಹಳದಿ ಹೊಡೆದ ಶರ್ಟು, ಕಂದಾದ ಕುಪ್ಯ ಎರಡೂ ಸಾಲಿಗೆ ಬರುತ್ತವೆ, ಮುಖದ ಬಣ್ಣವೂ ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ.

ಕುಪ್ಯದ ಕಪ್ಪನ್ನು 0ಗೆ ಇಳಿಸಬೇಡಿ. ಜಗಲಿಯ ನೆರಳಿನಲ್ಲಿ ಯಾರ ಕಪ್ಪೂ 0 ಇರುವುದಿಲ್ಲ, ಆಕಾಶದ ಬೆಳಕಿನಿಂದ ಕೊಂಚ ನೀಲಿಯೂ ಸೇರಿರುತ್ತದೆ. ಮಗನ ಅಂಕಿಯಲ್ಲಿ B ಮೂರು ಹೆಚ್ಚಿರುವುದು ಅದರಿಂದಲೇ. ಹೋಲಿಕೆಗೆ ಹಿಂದಿನ ಸಾಲಿನವರನ್ನೇ ತೆಗೆದುಕೊಳ್ಳಿ. ಜಗಲಿಯಲ್ಲಿ ಒಳಗೆ ಹೋದಷ್ಟೂ ಬೆಳಕು ಇಳಿಯುತ್ತದೆ, ಮುಂದೆ ಕೂತ ಅಜ್ಜಿಯ ಸೀರೆಗೆ ಹೊಂದಿಸಿದರೆ ಅಜ್ಜ ಸಾಲಿನಿಂದ ಹೊರಗೆ ಹೊಳೆಯುತ್ತಾರೆ.

ಚೇಲೆಯ ಕೆಂಪನ್ನು ಕೊನೆಗೆ ನೋಡಿ. ಕರ್ವ್ಸ್ ಆದಮೇಲೂ ಅದು ಮಂಕಾಗಿದ್ದರೆ ಚೇಲೆಗಷ್ಟೇ ಮಾಸ್ಕ್ ಹಾಕಿದ Hue/Saturation ಪದರದಲ್ಲಿ Saturation +10ರಿಂದ +15. ಪಕ್ಕದವರ ಹೊಸ ರೇಷ್ಮೆಯಷ್ಟೇ ಮಿನುಗಬೇಕಿಲ್ಲ. ಒಂದೇ ಮನೆಯಲ್ಲೂ ಚೇಲೆಗಳ ಕೆಂಪು ಬೇರೆ ಬೇರೆ ಇರುತ್ತದೆ, ಎಲ್ಲವೂ ಒಂದೇ ಆಗಿಬಿಟ್ಟರೆ ಕೃತಕವಾಗುತ್ತದೆ. ಅಜ್ಜನನ್ನು ಎದ್ದು ಕಾಣಿಸಲೆಂದು ಕುಪ್ಯವನ್ನು ಬಿಳಿ ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ. ಬಿಳಿ ಕುಪ್ಯ ಮದುಮಗನದು.

ಮುಖದ ಬೆಳಕು

ಮೇಲೆ ತಾತ್ಕಾಲಿಕವಾಗಿ ಒಂದು Black & White ಪದರ ಇಡಿ. ಬಣ್ಣ ಹೋದಾಗ ಬೆಳಕು ಮಾತ್ರ ಉಳಿಯುತ್ತದೆ, ತಪ್ಪು ಎದ್ದು ಕಾಣುತ್ತದೆ. ಮಗನ ಬಲಗಡೆಯ ಕೆನ್ನೆ 178, ಎಡಗಡೆ 140. ಅಜ್ಜನದು 176 ಮತ್ತು 172, ಅಂದರೆ ಚಪ್ಪಟೆ. ಇಲ್ಲಿ ಮುಖ್ಯವಾದದ್ದು ಎರಡು ಕೆನ್ನೆಗಳ ನಡುವಿನ ಅನುಪಾತ, ಮಗನಲ್ಲಿ ಅದು ಸುಮಾರು 1.27. ಅಜ್ಜ ಮಗನಿಗಿಂತ ಕಪ್ಪಗಿದ್ದರೋ ಬೆಳ್ಳಗಿದ್ದರೋ ಅದು ಅವರ ಬಣ್ಣ, ಅದನ್ನು ಮುಟ್ಟಬೇಡಿ. ಅನುಪಾತ ಮಾತ್ರ ತನ್ನಿ. 176ಕ್ಕೆ ಎದುರಾಗಿ ಎಡಕೆನ್ನೆ 138ರ ಸುತ್ತ ಬರಬೇಕು.

ಇದಕ್ಕೆ ಅಜ್ಜನ ಪದರದ ಮೇಲೆ ಇನ್ನೊಂದು Curves ಇಟ್ಟು ಮಧ್ಯದಲ್ಲಿ ಕೆಳಗೆಳೆದು, ಅದರ ಮಾಸ್ಕನ್ನು ಪೂರ್ತಿ ಕಪ್ಪು ಮಾಡಿ. ಮೃದು ಬ್ರಷ್, Flow 5%, ಬಿಳಿ ಬಣ್ಣ. ಎಡಕೆನ್ನೆ, ಮೂಗಿನ ಎಡಮಗ್ಗುಲು, ಗಲ್ಲದ ಕೆಳಗೆ, ಕುತ್ತಿಗೆಯ ಎಡಭಾಗ ಹೀಗೆ ನಿಧಾನವಾಗಿ ತುಂಬುತ್ತ ಬನ್ನಿ. ಕೆನ್ನೆಯಲ್ಲಿ ನಿಂತುಬಿಡುವುದು ಎಲ್ಲರೂ ಮಾಡುವ ತಪ್ಪು. ಅದೇ ನೆರಳು ಎಡ ತೋಳಿಗೂ, ಕುಪ್ಯದ ಎಡ ಅಂಚಿಗೂ ಇಳಿಯಬೇಕು. ಹಣೆಯ ಮೇಲೆ ಫ್ಲ್ಯಾಶ್‌ನಿಂದ ಬಂದ ಬಿಳಿ ಮಿಂಚನ್ನು ಪೂರ್ತಿ ಅಳಿಸಬೇಡಿ, ಬೇರೊಂದು ಹೊಸ ಪದರದಲ್ಲಿ Healing Brush ಹಿಡಿದು ಅಳಿಸಿ, ಆ ಪದರದ Opacity 60%ಕ್ಕೆ ಇಳಿಸಿ ಮಿಂಚನ್ನು ಸ್ವಲ್ಪ ಉಳಿಸಿ.

ಇನ್ನು ನೆಲದಿಂದ ಮೇಲೇಳುವ ಬೆಳಕು. ಹಳೆಯ ಮನೆಗಳ ಜಗಲಿಯಲ್ಲಿ ರೆಡ್ ಆಕ್ಸೈಡ್ ನೆಲ ಇದ್ದರೆ ಎಲ್ಲರ ಗಲ್ಲದ ಕೆಳಗೂ ತೋಳಿನ ಅಡಿಯಲ್ಲೂ ಸಣ್ಣ ಕೆಂಪು ಛಾಯೆ ಇರುತ್ತದೆ. ಅಂಗಳದ ಹುಲ್ಲಿನ ಮೇಲೆ ನಿಂತಿದ್ದರೆ ಹಸಿರು. ಅಜ್ಜನಲ್ಲಿ ಅದು ಇಲ್ಲ. ಮಗನ ಗಲ್ಲದ ಕೆಳಗಿನ ಬಣ್ಣ ತೆಗೆದು, Color ಮೋಡ್‌ನ ಹೊಸ ಪದರದಲ್ಲಿ 6ರಿಂದ 8% ಬ್ರಷ್‌ನಿಂದ ಅಜ್ಜನಿಗೂ ಅಲ್ಲೇ ಸವರಿ. ಬರೀ ಕಣ್ಣಿಗೆ ಇದು ತೋರುವುದೇ ಇಲ್ಲ, ಆದರೆ ಇಲ್ಲದಿದ್ದಾಗ ಕೊರತೆ ತೋರುತ್ತದೆ.

ಅಜ್ಜನ ಹೆಗಲು ಮಗನ ಹೆಗಲಿಗೆ ತಾಗುವಲ್ಲಿ, ಕುರ್ಚಿಯ ಬೆನ್ನು ಕುಪ್ಯವನ್ನು ಮುಟ್ಟುವಲ್ಲಿ ಬೆಳಕು ಹೋಗದ ಸಂದು ಇರಬೇಕು. Multiply ಪದರ, 10ರಿಂದ 15% ಬ್ರಷ್. ಬಣ್ಣ ಶುದ್ಧ ಕಪ್ಪು ಬೇಡ, ಚಿತ್ರದಲ್ಲೇ ಕಂಬದ ಬುಡದ ನೆರಳಿನಿಂದ ತೆಗೆದುಕೊಳ್ಳಿ.

ಅಂಚು, ಕಾಳು, ಪ್ರಿಂಟ್

ಚಿತ್ರವನ್ನು 100%ನಲ್ಲಿ ನೋಡಿ ಮಗನ ಕುಪ್ಯದ ಅಂಚು ಎಷ್ಟು ಪಿಕ್ಸೆಲ್‌ನಲ್ಲಿ ಕರಗುತ್ತದೆ ಗಮನಿಸಿ, ಸಾಮಾನ್ಯವಾಗಿ ಒಂದೆರಡು. ಅಜ್ಜನ ಮಾಸ್ಕಿಗೂ Feather ಅಷ್ಟೇ ಕೊಡಿ. ಕೂದಲಿನ ಸುತ್ತ ಹಳೆಯ ಗೋಡೆಯ ಬಿಳಿ ಅಂಚು ಉಳಿದಿದ್ದರೆ ಮಾಸ್ಕನ್ನು ಒಂದು ಪಿಕ್ಸೆಲ್ ಒಳಗೆ ಸರಿಸಿ.

ಅಜ್ಜನ ಮುಖ ಪಕ್ಕದವರಷ್ಟು ಚೂಪಾಗಿರುವುದಿಲ್ಲ. ಅದನ್ನು ಚೂಪು ಮಾಡುತ್ತ ಹೋದರೆ ಕಣ್ಣಿನ ಸುತ್ತ ಬಿಳಿ ಗೆರೆ ಬರುತ್ತದೆ. Unsharp Mask ಅನ್ನು Amount 60%, Radius 1ರ ಒಳಗೆ ನಿಲ್ಲಿಸಿ. ಉಳಿದ ವ್ಯತ್ಯಾಸವನ್ನು ಕಾಳಿನಿಂದ ಮುಚ್ಚಿ: ಎಲ್ಲ ಪದರಗಳ ಮೇಲೆ 50% ಬೂದು ತುಂಬಿದ ಪದರ, ಮೋಡ್ Overlay, Filter > Noise > Add Noise, Gaussian, Monochromatic, 2%. ಈಗ ಎಲ್ಲರ ಮೇಲೂ ಒಂದೇ ಕಾಳು ಕೂರುತ್ತದೆ. ಅಜ್ಜನಿಗೆ ಮಾತ್ರ ಕಾಳು ಹಾಕಿದರೆ ಇದು ಸಾಧ್ಯವಾಗುವುದಿಲ್ಲ.

ಪರದೆಯಲ್ಲಿ ಸರಿ ಕಂಡದ್ದು ಕಾಗದದಲ್ಲಿ ತಪ್ಪಬಹುದು, ಅದೂ ಕಪ್ಪಿನಲ್ಲೇ. 12 x 18 ಇಂಚಿನ ಪ್ರಿಂಟ್‌ಗೆ 300 ಡಿಪಿಐ ಲೆಕ್ಕದಲ್ಲಿ 5400 x 3600 ಪಿಕ್ಸೆಲ್ ಸಾಕು, ನಮ್ಮಲ್ಲಿ ಅಷ್ಟಿದೆ. ಅದನ್ನು ಕೊಡುವ ಮೊದಲು ಅಜ್ಜ, ಮಗ ಇಬ್ಬರ ಎದೆಯವರೆಗಿನ ಭಾಗವನ್ನು ಅದೇ ಗಾತ್ರದಲ್ಲಿ ಕತ್ತರಿಸಿ sRGB ಫೈಲ್ ಮಾಡಿ, ಅದೇ ಲ್ಯಾಬಿನಲ್ಲಿ ಅದೇ ಕಾಗದದ ಮೇಲೆ 4 x 6ರ ಒಂದು ಪ್ರಿಂಟ್ ಹಾಕಿಸಿ. ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡಿ. ಅಜ್ಜನ ಕುಪ್ಯದ ಮಡಿಕೆಗಳು ಕಾಣದೆ ಬರೀ ಕಪ್ಪು ಮುದ್ದೆಯಾಗಿದ್ದು ಮಗನದರಲ್ಲಿ ಕಾಣುತ್ತಿದ್ದರೆ, ಕರ್ವ್ಸ್‌ನ ಮೂರೂ ಚಾನೆಲ್‌ಗಳಲ್ಲಿ ಕಪ್ಪಿನ Output ಅನ್ನು ಐದೈದು ಏರಿಸಿ ಮತ್ತೊಂದು ಪ್ರಿಂಟ್ ತೆಗೆಸಿ. ಇಬ್ಬರದೂ ಮುದ್ದೆಯಾಗಿದ್ದರೆ ತಪ್ಪು ನಿಮ್ಮ ಜೋಡಣೆಯದಲ್ಲ, ಇಡೀ ಚಿತ್ರದ ಗಾಢ ಭಾಗವನ್ನೇ ಸ್ವಲ್ಪ ಎತ್ತಬೇಕು.

ದೊಡ್ಡ ಪ್ರಿಂಟ್ ಬಂದ ಮೇಲೆ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಎರಡು ಚಿತ್ರಗಳ ವರ್ಷವನ್ನೂ, ಜೋಡಿಸಿದ್ದು ಎಂಬುದನ್ನೂ ಬರೆದಿಡಿ. ಪದರಗಳಿರುವ PSD ಫೈಲನ್ನೂ ಹಳೆಯ ಪ್ರಿಂಟ್‌ನ ತಿದ್ದದ ಸ್ಕ್ಯಾನನ್ನೂ ಎರಡು ಕಡೆ ಉಳಿಸಿ.